ಎರಡು ಹಾಡುಗಳ ನಡುವಿನ ಸಂದು

ಅಪ್ಪನಿಗೆ ಕಿವಿ ಕೇಳುವುದಿಲ್ಲ ಎಂಬುದು ಹರಿಹರದ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು. ಅವನಿಗೂ ಗೊತ್ತಿತ್ತೋ ಏನೋ, ಒಪ್ಪಿಕೊಳ್ಳುವ ಜಾತಿಯ ಮನುಷ್ಯನಲ್ಲ. ಅಮ್ಮ ಏನು ಹೇಳಿದರೂ ಮುಖ ನೋಡಿ ‘ಹೂಂ’ ಎನ್ನುತ್ತಿದ್ದ. ಮದುವೆಯಾದಾಗಿನಿಂದ ಇಷ್ಟು ಒಳ್ಳೆಯ ಗಂಡ ತನಗೆ ಯಾವತ್ತೂ ಸಿಕ್ಕಿರಲಿಲ್ಲ ಎಂದು ಅಮ್ಮ ಅಕ್ಕಪಕ್ಕದವರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಅಪ್ಪ ದಾವಣಗೆರೆಯ ಒಂದು ದೊಡ್ಡ ಜವಳಿ ಅಂಗಡಿಯಲ್ಲಿ ಸೀರೆ ಮಾರುತ್ತಿದ್ದ. ಬೆಳಿಗ್ಗೆ ಬಸ್ಸು ಹತ್ತಿ ಹೋದರೆ ಕತ್ತಲಾಗುವ ಹೊತ್ತಿಗೆ ಬರುತ್ತಿದ್ದ. ಬಿಳಿ ಗಾದಿಯ ಮೇಲೆ ಮಂಡಿಯೂರಿ ಕೂತು, ಗಿರಾಕಿ ಬೆರಳು ತೋರಿಸಿದ ಸೀರೆಯನ್ನು ಸೆರಗಿನ ಕಡೆಯಿಂದ ಹಿಡಿದು ಒಂದೇ ಸಲ ಬೀಸಿ ಹರಡುವುದು ಅವನ ಕಸುಬು. ಆ ಕಸುಬಿಗೆ ಕಿವಿ ಅಷ್ಟೇನೂ ಬೇಕಿರಲಿಲ್ಲ. ಹೆಂಗಸರ ಕಣ್ಣು ಯಾವ ಕಪಾಟಿನ ಮೇಲೆ ನಿಂತಿತು ಎಂಬುದನ್ನು ಹಿಡಿದೇ ಅವನು ಮೂವತ್ತು ವರ್ಷ ವ್ಯಾಪಾರ ಮಾಡಿದ್ದ.

ಕೆಟ್ಟಿದ್ದು ಹಾಡಿನಿಂದ. ಹಳೆಯ ಸಾವ್ಕಾರರು ಮನೆಯಲ್ಲಿ ಕೂತ ಮೇಲೆ ಗಲ್ಲಾ ಹಿಡಿದ ಮಗ ಬೆಂಗಳೂರಿಗೆ ಹೋಗಿ ಬಂದು, ಅಲ್ಲಿನ ಅಂಗಡಿಗಳಲ್ಲಿ ಇಡೀ ದಿನ ಸಣ್ಣಗೆ ಹಾಡು ಬರುತ್ತದೆ ಎಂದು ಕಂಡುಕೊಂಡಿದ್ದ. ಬಂದವನೇ ಆಂಪ್ಲಿಫೈಯರು ತಂದ, ಚಾವಣಿಗೆ ನಾಲ್ಕು ಸ್ಪೀಕರು ಹೊಡೆಸಿದ, ಗಲ್ಲಾದ ಪಕ್ಕ ಕ್ಯಾಸೆಟ್ ಡೆಕ್ ಇಟ್ಟು ಸಿಕ್ಕ ಸಿಕ್ಕ ಕ್ಯಾಸೆಟ್ ಹಾಕಿದ. ಹಾಡು ಬರುವಾಗ ತನ್ನ ದನಿಯೂ ಕೇಳದೆ ಅಪ್ಪ ಇನ್ನಷ್ಟು ಕೂಗಿ ಮಾತಾಡತೊಡಗಿದ. ಹಾಡಿನೊಳಗೆ ಆ ಕೂಗು ಮುಚ್ಚಿಹೋಗುತ್ತಿತ್ತು. ಹಾಡು ಮುಗಿದು ಇನ್ನೊಂದು ಶುರುವಾಗುವ ತನಕ ನಾಲ್ಕೈದು ಸೆಕೆಂಡು ಖಾಲಿ ಇರುತ್ತದಲ್ಲ, ಆಗ ಅಪ್ಪನ ದನಿಯೊಂದೇ ಬತ್ತಲೆ ನಿಲ್ಲುತ್ತಿತ್ತು. ಅಂಥದೊಂದು ಸಂದಿನಲ್ಲಿ ಮದುಮಗಳೊಬ್ಬಳಿಗೆ, ಈ ಬಣ್ಣ ಉಟ್ಟರೆ ನೀವು ಇನ್ನೂ ಕಪ್ಪಗೆ ಕಾಣ್ತೀರಿ ಎಂದು ಅವನು ಕೊಟ್ಟ ಪ್ರಾಮಾಣಿಕ ಸಲಹೆ ಬೀದಿಯವರೆಗೂ ಕೇಳಿಸಿತಂತೆ. ಬೀಗರ ಕಡೆಯವರೂ ಅಲ್ಲೇ ಕೂತಿದ್ದರಂತೆ.

ನನ್ನದು ಹರಿಹರದ ಬಸ್‌ಸ್ಟ್ಯಾಂಡಿನ ಹಿಂದೆ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ. ಸಣ್ಣ ಸಾವ್ಕಾರ ನನ್ನನ್ನು ಕರೆಸಿ, ಒಂದೇ ಉಸಿರಿನಲ್ಲಿ ಎರಡು ದೂರು ಹೇಳಿದ.

“ಒಂದು ಹಾಡು ಕಿವಿ ಹರೀತೈತಿ, ಇನ್ನೊಂದು ಕೇಳಂಗೇ ಇಲ್ಲ. ನಾ ಗಲ್ಲಾ ಬಿಟ್ಟು ಬರೇ ಗುಂಡಿ ತಿರುವ್ಕಂತ ಕೂತೀನಿ. ಇನ್ನ ನಿಮ್ಮಪ್ಪಾರು ಗಿರಾಕಿ ಮ್ಯಾಲೆ ಬಾಯಿ ಮಾಡ್ತಾರೆ ತಮ್ಮ. ಈ ಮದ್ವಿ ಸೀಜನ್ ನೋಡ್ತೀನಿ. ಹಿಂಗೇ ಆದ್ರೆ ಮೇಲಿನ ಗೋಡೌನಿಗೆ ಕಳಿಸ್ತೀನಿ, ಗಂಟು ಕಟ್ಕಂಡಿರ್ಲಿ.”

ಅಪ್ಪನನ್ನು ಗಾದಿಯಿಂದ ಎಬ್ಬಿಸಿ ಗಂಟು ಕಟ್ಟಲು ಕೂಡಿಸುವುದು! ಕೇಳಿ ಮೈ ಉರಿಯಿತು. ಆದರೆ ಕಿವಿ ಮಂದ ಎಂದು ಹೇಳಿದರೆ ಸೀಜನ್ನಿಗೂ ಕಾಯದೆ ಕಳಿಸಿಬಿಡುತ್ತಾನೆ ಎನ್ನಿಸಿತು. ಬಾಯಿ ಮುಚ್ಚಿಕೊಂಡು, ಹಾಡಿನ ಕೆಲಸ ನನಗೆ ಬಿಡಿ ಎಂದೆ. ನನ್ನ ಲೆಕ್ಕ ಸರಳವಾಗಿತ್ತು: ಹಾಡುಗಳ ನಡುವೆ ಸಂದೇ ಇಲ್ಲದಿದ್ದರೆ ಅಪ್ಪನ ಕೂಗು ಯಾರಿಗೂ ಸಿಕ್ಕಿಬೀಳುವುದಿಲ್ಲ.

ಎರಡು ಡೆಕ್ಕಿನಿಂದ ಹಾಡು ಬಿಟ್ಟು, ಮಿಕ್ಸರಿನಲ್ಲಿ ಕೂಡಿಸಿ, ಮೂರನೆಯ ಡೆಕ್ಕಿನಲ್ಲಿ ತುಂಬಿಕೊಳ್ಳಬೇಕು. ಮಿಕ್ಸರನ್ನು ಶಾಮಿಯಾನ, ಮೈಕ್‌ಸೆಟ್ ಬಾಡಿಗೆಗೆ ಕೊಡುವ ಗೆಳೆಯನಿಂದ ಹೊತ್ತು ತಂದೆ. ಮೊದಲನೆಯ ಹಾಡು ಕೊನೆಯ ಸಾಲಿಗೆ ಬಂದಾಗ, ಪಾಸ್ ಗುಂಡಿ ಒತ್ತಿ ತಡೆದು ತಯಾರಿಟ್ಟ ಎರಡನೆಯದನ್ನು ಬಿಡುವುದು; ಇದನ್ನು ಏರಿಸುತ್ತ ಅದನ್ನು ಇಳಿಸುವುದು. ಕೇಳಲು ಮಗುವಿನ ಆಟ. ಮೊದಲ ದಿನ ಎರಡನ್ನೂ ಸಮಸಮ ಜಾರಿಸಿದೆ, ಒಂದು ಇಳಿದಷ್ಟೇ ಇನ್ನೊಂದು ಏರುವಂತೆ. ನಡುವೆ ಸದ್ದು ಕುಸಿದು ತಗ್ಗು ಬಿತ್ತು. ಅಪ್ಪ ಬೀಳಲು ಅಷ್ಟು ತಗ್ಗು ಸಾಕಾಗಿತ್ತು. ಹೊಸ ಹಾಡು ಮುಕ್ಕಾಲು ಏರಿದ ಮೇಲೆ ಹಳೆಯದನ್ನು ಇಳಿಸತೊಡಗಬೇಕು ಎಂದು ತಿಳಿಯುವಷ್ಟರಲ್ಲಿ ಎರಡು ಕ್ಯಾಸೆಟ್ ಹಾಳಾಗಿದ್ದವು. ತಾಳದ ಮೇಲೆ ತಾಳ ಬಿದ್ದರೆ ಎರಡು ಬ್ಯಾಂಡಿನವರು ಎದುರುಬದುರಾದಂತೆ ಆಗುತ್ತಿತ್ತು. ಹಾಗಾಗಿ ಕೊನೆಯಲ್ಲಿ ಬರೀ ಪಿಟೀಲೋ ಕೊಳಲೋ ಎಳೆಯುವ ಹಾಡುಗಳನ್ನೇ ಹುಡುಕಿ ಮುಂದಿಟ್ಟುಕೊಂಡೆ.

ಸದ್ದು ಸಮ ಮಾಡುವುದು ಅದಕ್ಕಿಂತ ದೊಡ್ಡ ತಲೆನೋವು. ಪ್ರತಿ ಹಾಡಿನ ಅತಿ ಜೋರಿನ ಜಾಗ ಹುಡುಕಿ, ಮೀಟರಿನ ಮುಳ್ಳು ಒಂದೇ ಗೆರೆಗೆ ಬರುವಂತೆ ಮಾಡಿ, ಮಿಕ್ಸರಿನ ಗುಂಡಿ ಎಲ್ಲಿತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ವಿಜ್ಞಾನಿಯಂತೆ ಬೀಗಿದೆ. ಕೇಳಿ ನೋಡಿದರೆ ಶಹನಾಯಿಯ ಹಾಡು ಎದ್ದು ಕುಣಿಯುತ್ತಿದೆ, ತಬಲದ ಹಾಡು ಮೂಲೆಯಲ್ಲಿ ಗೊಣಗುತ್ತಿದೆ. ಎರಡಕ್ಕೂ ಮುಳ್ಳು ಅದೇ ಗೆರೆಯಲ್ಲಿ! ಮುಳ್ಳು ಕರೆಂಟು ಅಳೆಯುತ್ತದೆಯೇ ಹೊರತು ಅದಕ್ಕೇನು ಕಿವಿ ಇದೆಯೇ? ಕೊನೆಗೆ ಸ್ಪೀಕರಿನ ಸದ್ದು ತೀರಾ ಸಣ್ಣಗೆ ಮಾಡಿ, ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತ ಕೂತೆ. ಯಾವ ಹಾಡು ನನ್ನನ್ನು ತಿರುಗಿ ನೋಡುವಂತೆ ಮಾಡಿತೋ ಅದರ ಗುಂಡಿಯನ್ನು ಒಂದು ಗೆರೆ ಇಳಿಸಿದೆ, ಯಾವುದು ಕಾಣೆಯಾಯಿತೋ ಅದನ್ನು ಏರಿಸಿದೆ. ಲೋಟಗಟ್ಟಲೆ ಚಹಾದ ನಂತರ ಎಲ್ಲವೂ ಒಂದೇ ಸಮಕ್ಕೆ ಬಂದವು. ಮುಳ್ಳು ಮಾತ್ರ ಈಗ ಹಾಡಿಗೊಂದು ಕಡೆ ನಿಲ್ಲುತ್ತಿತ್ತು.

ಈ ಉತ್ಸಾಹದಲ್ಲಿ ಬೆಳಗಿನ ಕ್ಯಾಸೆಟ್ಟನ್ನೂ ಬಿಡಲಿಲ್ಲ. ಅಂಗಡಿ ತೆರೆದ ಕೂಡಲೇ ಮಂಗಳಾರತಿ, ಅದರ ಬಾಲಕ್ಕೆ ಸಿನಿಮಾದ ಯುಗಳಗೀತೆ. ಆರತಿಯ ಗಂಟೆ ಇನ್ನೂ ಬಾರಿಸುತ್ತಿರುವಾಗಲೇ ನಾಯಕಿ ಕಿಲಕಿಲ ನಕ್ಕಳು. ವಿಭೂತಿ ಹಚ್ಚಿಕೊಂಡು, ಊದಿನಕಡ್ಡಿ ಹಿಡಿದು ಫೋಟೋದ ಮುಂದೆ ನಿಂತಿದ್ದ ಸಾವ್ಕಾರ ತಿರುಗಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಮೊದಲು ಶಿವನನ್ನು ಪೂರ್ತಿ ಕಳಿಸಿ ಬಾಗಿಲು ಹಾಕು, ಆಮೇಲೆ ಅವಳನ್ನು ಕರೆದುಕೊಂಡು ಬಾ ಎಂದ. ಆಗಿನ್ನೂ ಗಿರಾಕಿಗಳಿರುವುದಿಲ್ಲವಾದ್ದರಿಂದ ಅಲ್ಲೊಂದು ಸಂದು ಬಿಟ್ಟುಕೊಟ್ಟೆ.

ಉಳಿದಿದ್ದು ಕ್ಯಾಸೆಟ್ಟು ಮಗ್ಗುಲು ಬದಲಿಸುವ ಹೊತ್ತು. ಡೆಕ್ ತಾನಾಗಿ ತಿರುಗಿಸಿಕೊಳ್ಳುತ್ತಿತ್ತು ನಿಜ, ಆದರೆ ಟೇಪಿನ ತುದಿಯಲ್ಲಿ ಏನೂ ತುಂಬಲಾಗದ ಬಿಳಿ ಪಟ್ಟಿ ಇರುತ್ತದೆ. ಮುಕ್ಕಾಲು ಗಂಟೆಗೊಮ್ಮೆ ಹತ್ತಿರ ಹತ್ತಿರ ಹದಿನೈದು ಸೆಕೆಂಡು ಮೌನ. ಇದಕ್ಕೆ ಯಾವ ಮಿಕ್ಸರೂ ಇಲ್ಲ. ಅಪ್ಪನಿಗೆ ಒಂದು ಸುಳ್ಳು ಹೇಳಿದೆ: ಡೆಕ್ಕಿನಲ್ಲಿ ಎಡಗಡೆಯ ಸುರುಳಿ ಬರಿದಾಗಿ ಬಲಗಡೆ ತುಂಬಿಕೊಂಡಾಗ ಯಾರೂ ಮಾತಾಡಬಾರದು, ಮಷಿನ್ ಕೆಡುತ್ತದೆ, ತಿರುಗಿ ಬರುವಾಗ ಬಲಗಡೆಯದು ಬರಿದಾದಾಗ. ಎಂಥ ತಲೆಬುಡವಿಲ್ಲದ ಮಾತು! ಮಾತಾಡಿದರೆ ಮಷಿನ್ ಯಾಕೆ ಕೆಡುತ್ತದೆ ಎಂದು ಅಪ್ಪ ಕೇಳಲಿಲ್ಲ. ಸುಮ್ಮನೆ ‘ಹೂಂ’ ಎಂದ. ಮರುದಿನದಿಂದ ಕಣ್ಣಂಚಿನಲ್ಲಿ ಡೆಕ್ ನೋಡುತ್ತ, ಸುರುಳಿ ಬರಿದಾಗುತ್ತಿದ್ದಂತೆ ಚೊಂಬೆತ್ತಿ ಬಾಯಿ ತುಂಬ ನೀರು ತುಂಬಿಕೊಂಡು, ಹಾಡು ಹತ್ತುವವರೆಗೆ ಕೆನ್ನೆ ಉಬ್ಬಿಸಿ ಕೂರುತ್ತಿದ್ದ. ಹಾಡು ಹತ್ತಿದ್ದು ಅವನಿಗೆ ಗೊತ್ತಾಗುತ್ತಿದ್ದುದೂ ಸುರುಳಿ ನೋಡಿಯೇ. ಆ ಸೀಜನ್ನಿನಲ್ಲಿ ಅವನು ಕುಡಿದ ನೀರಿಗೆ ತುಂಗಭದ್ರೆಯೇ ಇಳಿದಿರಬೇಕು. ನಮ್ಮಿಬ್ಬರ ನಡುವೆ ಕಿವಿಯ ಮಾತು ಆಗಲೂ ಬರಲಿಲ್ಲ.

ಸೀಜನ್ ಸುಸೂತ್ರವಾಗಿ ನಡೆಯಿತು. ಸಾವ್ಕಾರ ಮನಬಂದಂತೆ ಆಂಪ್ಲಿಫೈಯರಿನ ಗುಂಡಿ ತಿರುವದಂತೆ ಅದರ ಪಕ್ಕ ನಾನು ಬ್ಯಾಂಡೇಜಿನ ಪಟ್ಟಿ ಅಂಟಿಸಿದ್ದೆ. ಗಿರಾಕಿ ತುಂಬಿದ ಸಂಜೆಗೆ ಇಷ್ಟು, ಖಾಲಿ ಬೆಳಗಿಗೆ ಅಷ್ಟು ಎಂದು ಪೆನ್ನಿನಲ್ಲಿ ಎರಡೇ ಗೆರೆ. ನಿಮ್ಮಪ್ಪಾರು ಈಗ ತಣ್ಣಗಾಗ್ಯಾರೆ ಎಂದು ಸಾವ್ಕಾರನೇ ಹೇಳಿದ. ತಣ್ಣಗೆಲ್ಲಿ, ಅಪ್ಪ ಮೊದಲಿನಷ್ಟೇ ಅರಚುತ್ತಿದ್ದ. ನಾನು ಒಳಗೊಳಗೇ ನಕ್ಕೆ. ಊರಿಗೇ ಟೋಪಿ ಹಾಕಿದ ಹೆಮ್ಮೆ.

ಸೀಜನ್ ಮುಗಿಯಲು ಎರಡು ದಿನವಿರುವಾಗ, ಹೊಸ ಕ್ಯಾಸೆಟ್ ಕೊಡಲೆಂದು ನಾನು ಗಲ್ಲಾದ ಬಳಿ ನಿಂತಿದ್ದೆ. ಮಧ್ಯಾಹ್ನದ ಹೊತ್ತು, ಅಂಗಡಿ ಗಿಜಿಗುಡುತ್ತಿತ್ತು. ಅಪ್ಪನ ಮುಂದೆ ಮಾಯಕೊಂಡದ ಕಡೆಯ ಒಬ್ಬ ಅಜ್ಜಿ, ಸುತ್ತ ಅವಳ ಸೊಸೆಯಂದಿರು. ಆಗ ಕರೆಂಟು ಹೋಯಿತು.

ಹಾಡು ಅರ್ಧಕ್ಕೆ ಕತ್ತರಿಸಿ ಬಿತ್ತು, ಫ್ಯಾನು ನಿಂತವು, ಎಲ್ಲರೂ ಚಾವಣಿ ನೋಡಿ ಬಾಯಿ ಮುಚ್ಚಿದರು. ಕಿಟಕಿಯ ಬೆಳಕು ಬೇಕಾದಷ್ಟಿತ್ತು, ಅಪ್ಪನಿಗೆ ಏನೂ ಗೊತ್ತಾಗಲಿಲ್ಲ. ಸೆರಗು ಬೀಸಿ ಹರಡುತ್ತ, ಹೊಲದ ಆಚೆ ಬದುವಿಗೆ ಕೂಗುವ ದನಿಯಲ್ಲಿ ಹೇಳಿದ: “ಇದನ್ನ ಉಟ್ಕಂಡು ಹೋಗ್ರಿ ಯವ್ವಾ, ನಿಮ್ಮ ಬೀಗಿತ್ತಿ ಹೊಟ್ಟಿ ಉರ್ಕಂಡು ಸಾಯ್ಬೇಕು!”

ಸಾವ್ಕಾರ ಗಲ್ಲಾದಿಂದ ಎದ್ದ. ಇಷ್ಟು ದಿನ ಗೆರೆ ಗೆರೆ ಜೋಡಿಸಿದ್ದೆಲ್ಲ ಕೆಇಬಿಯವರು ಒಂದು ಸ್ವಿಚ್ಚಿನಲ್ಲಿ ಕಳೆದರಲ್ಲ ಎಂದು ನನಗೆ ಅಳು ಬಂತು.

ಅಷ್ಟರಲ್ಲಿ ಅಜ್ಜಿ ಅಪ್ಪನಿಗಿಂತಲೂ ಜೋರಾಗಿ ಕೂಗಿದಳು. “ಸಾಯ್ಲಿ ಬಿಡಪ್ಪ ಅತ್ಲಾಗೆ. ಇಂಥದ್ದೇ ಇನ್ನೊಂದು ತೆಗಿ!”

ಅಂಗಡಿಯೆಲ್ಲ ನಗೆಯಲ್ಲಿ ಮುಳುಗಿತು. ಅಪ್ಪನಿಗೂ ಅಜ್ಜಿಗೂ ಮಾತ್ರ ಯಾರು ಯಾಕೆ ನಗುತ್ತಿದ್ದಾರೆ ಎಂದು ತಿಳಿಯಲಿಲ್ಲ. ಸೊಸೆಯೊಬ್ಬಳು ಸಾವ್ಕಾರನ ಕಡೆ ತಿರುಗಿ, ನಮ್ಮ ಅತ್ತೆಗೆ ಕಿವಿ ಮಂದ, ಈ ಅಣ್ಣಾರು ಕೂತಿರೋ ಕಡೆಗೇ ಬರಬೇಕು ಅಂತ ಹಟ ಮಾಡ್ತಾಳೆ ಎಂದು ಸಂಕೋಚದಿಂದ ಹೇಳಿದಳು. ಅತ್ತೆ ಅವಳ ಬಾಯಿ ನೋಡಿಯೇ ಮಾತು ಹಿಡಿದಿರಬೇಕು.

“ನಿಮ್ಮಂಗಡ್ಯಾಗೆ ಬಾಯಿ ಬಿಟ್ಟು ಮಾತಾಡಾರು ಇವ್ರೊಬ್ರೇ. ಉಳಿದೋರೆಲ್ಲ ಗೊಣಗ್ತಾರೆ” ಎಂದಳು.

ಸಾವ್ಕಾರ ಅಪ್ಪನನ್ನು ನೋಡಿದ, ಅಪ್ಪನ ಪಕ್ಕದ ಚೊಂಬನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. “ಕಿವಿ ಕೇಳಲ್ಲ ಅಂತ ಒಂದು ಮಾತು ಹೇಳಕ್ಕೆ ನಿಂಗೇನಾಗಿತ್ತು? ಇಷ್ಟು ದಿನ ನಿಮ್ಮಪ್ಪಾರು ಕೆನ್ನಿ ಉಬ್ಬಿಸ್ಕಂಡು ಕೂತಿದ್ದು ಹಲ್ಲುನೋವು ಅಂತ ತಿಳ್ಕಂಡಿದ್ದೆ” ಎಂದು ಮೆಲ್ಲಗೆ ಬೈದ. ಗೋಡೌನಿನ ಮಾತು ಮತ್ತೆ ಎತ್ತಲಿಲ್ಲ. ಮುಂದಿನ ವಾರ ಅಪ್ಪನ ಗಾದಿಯ ಮೇಲಿನ ಸ್ಪೀಕರಿನ ವೈರನ್ನು ತಾನೇ ಬಿಚ್ಚಿ ಹಾಕಿದ.

ಕರೆಂಟು ಹೋದ ಆ ದಿನದ ಸಂಜೆ ಅಪ್ಪನೂ ನಾನೂ ಒಂದೇ ಬಸ್ಸಿನಲ್ಲಿ ಹರಿಹರಕ್ಕೆ ಹೊರಟೆವು. ಕಿಟಕಿಯ ಹತ್ತಿರ ಕೂತ ಅಪ್ಪ, ಹಾಡಿಗೆ ನೀನು ಮಾಡಿದ್ದಾದರೂ ಏನು ಎಂದು ಕೇಳಿದ. ನಾನು ಅವನ ಕಿವಿಗೆ ಬಾಯಿಟ್ಟು, ಇಡೀ ಬಸ್ಸು ತಿರುಗಿ ನೋಡುವಂತೆ ಕೂಗಿ ವಿವರಿಸಿದೆ: ಒಂದು ಹಾಡು ಪಕ್ಕನೆ ನಿಲ್ಲುವುದಿಲ್ಲ, ಕೇಳುತ್ತಿರುವಾಗಲೇ ಸ್ವಲ್ಪ ಸ್ವಲ್ಪವೇ ಸಣ್ಣದಾಗುತ್ತದೆ, ಅದು ಹೋಗಿದ್ದು ಯಾರಿಗೂ ತಿಳಿಯುವುದಿಲ್ಲ.

ಅಪ್ಪ ನನ್ನ ತುಟಿಯನ್ನೇ ನೋಡುತ್ತಿದ್ದ. ಆಮೇಲೆ ಹೊರಗೆ ನೋಡಿದ.

“ನಂದೂ ಹಂಗೇ ಹೋತಲೇ” ಎಂದ. “ನಿಮ್ಮವ್ವ ಯಾಕೋ ಸಣ್ಣಗೆ ಮಾತಾಡಾಕತ್ಯಾಳೆ ಅಂದ್ಕಂಡಿದ್ದೆ.”

ನಾನು ಅವನ ಕೈ ಹಿಡಿದುಕೊಂಡು ಕೂತೆ. ಹರಿಹರ ಬಂತು. ಮನೆಯ ಬಾಗಿಲಲ್ಲಿ ಅಮ್ಮ ಏನೋ ಕೇಳಿದಳು. ಅಪ್ಪ ‘ಹೂಂ’ ಎನ್ನಲಿಲ್ಲ. ಚಪ್ಪಲಿ ಬಿಟ್ಟು ಅವಳ ಹತ್ತಿರ ಹೋಗಿ, ಇನ್ನೊಂದ್ಸಲ ಹೇಳು ಎಂದ.