ಮೇಷ್ಟ್ರು ಮುರಿದುಕೊಂಡ ಅಡ್ವಾನ್ಸು

ಓನರ್ ಬೇರೆ ಯಾರಾದರೂ ಆಗಿದ್ದರೆ ಬಾಗಿಲಲ್ಲಿ ನಿಂತು ಚೆನ್ನಾಗಿ ಜಗಳವಾಡಿ ಬರುತ್ತಿದ್ದೆ. ನನ್ನ ಗ್ರಹಚಾರ, ಅವರು ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು. ಉತ್ತರ ಸರಿಯಿದ್ದರೂ ಅವರು ಮಾರ್ಕ್ಸ್ ಕೊಡುತ್ತಿರಲಿಲ್ಲ. "ಉತ್ತರ ಯಾರು ಬೇಕಾದ್ರೂ ಪಕ್ಕದೋನ್ನ ನೋಡಿ ಬರೀತಾನೆ ಕಣೋ, ಕ್ರಮ ಎಲ್ಲಿ?" ಎಂದು ಕಿವಿ ಹಿಂಡುತ್ತಿದ್ದರು. ಆ ಕಿವಿಯ ಋಣದಿಂದಲೇ ಅಗ್ರಹಾರದ ಅವರ ಮನೆಯ ಕೆಳಗಿನ ಭಾಗ ನನಗೆ ಬಾಡಿಗೆಗೆ ಸಿಕ್ಕಿದ್ದು. ತೊಂಬತ್ತರ ದಶಕದ ಮಾತು. ತಿಂಗಳಿಗೆ ಸಾವಿರದ ಐನೂರು ಬಾಡಿಗೆ, ಹತ್ತು ತಿಂಗಳದ್ದು ಅಡ್ವಾನ್ಸು.

ನಾಲ್ಕು ವರ್ಷ ಚೆನ್ನಾಗಿಯೇ ಇದ್ದೆವು. ನಾನು ಕೆಲಸ ಮಾಡುತ್ತಿದ್ದ ಪ್ರೆಸ್ಸು ನಜರ್‌ಬಾದಿಗೆ ಹೋಯಿತು, ನಾವೂ ಅತ್ತ ಒಂದು ಮನೆ ನೋಡಿಕೊಂಡೆವು. ಕರೆಂಟು ಬಿಲ್ಲು, ನೀರಿನ ಬಿಲ್ಲು ಕಟ್ಟಿ, ರಸೀದಿ ತೋರಿಸಿ, ಬೀಗದ ಕೈ ಕೊಟ್ಟಾಗ ಮೇಷ್ಟ್ರು ಕವರೊಂದನ್ನು ಕೈಗಿಟ್ಟರು. ಹೊರಗೆ ಬಂದು ಎಣಿಸಿದರೆ ಹತ್ತು ಸಾವಿರದ ಇನ್ನೂರು. ವಾಪಸು ಹೋಗಿ ಕೇಳಿದೆ. "ಎಲ್ಲಾ ಸೇರಿ ಅಷ್ಟು ಮುರ್ಕೊಂಡಿದೀವಿ ಕಣೋ," ಎಂದು ಪೇಪರಿನೊಳಗೆ ಮುಖ ಇಟ್ಟುಬಿಟ್ಟರು. ಎಲ್ಲಾ ಸೇರಿ ಅಂದರೆ ಏನು ಸೇರಿ? ಮೈಯೆಲ್ಲ ಉರಿಯಿತು. ಆದರೆ ಆ ಮುಖದ ಮುಂದೆ ನಿಂತರೆ ನನಗೆ ಈಗಲೂ ಎಂಟನೇ ಕ್ಲಾಸು. ತೆಪ್ಪಗೆ ಬಂದೆ.

ಹೊಸ ಮನೆಯವರಿಗೂ ಹದಿನೈದು ಸಾವಿರ ಕೊಡಲೇಬೇಕಿತ್ತು. ಕಡಿಮೆ ಬಿದ್ದದ್ದಕ್ಕೆ ನನ್ನ ಹೆಂಡತಿ ಕೈಯಲ್ಲಿದ್ದ ಎರಡು ಚಿನ್ನದ ಬಳೆ ಬಿಚ್ಚಿಕೊಟ್ಟಳು. ಗಿರವಿ ಅಂಗಡಿಯಲ್ಲಿ ಅವನ್ನಿಟ್ಟು ಮೂರು ಸಾವಿರ ತಂದೆ, ಉಳಿದದ್ದನ್ನು ಹೇಗೋ ಹೊಂದಿಸಿದೆ. ಮುಂದಿನ ತಿಂಗಳು ಅವಳ ತಂಗಿಯ ಮದುವೆ. ಆ ಬಳೆ ಮಾಡಿಸಿಕೊಟ್ಟವರು ಅವಳ ಅಮ್ಮ. ನಮ್ಮತ್ತೆಯ ಕಣ್ಣು ಎಂಥದ್ದೆಂದರೆ, ಅಳಿಯನ ಮುಖಕ್ಕಿಂತ ಮೊದಲು ಮಗಳ ಕೈ ನೋಡುತ್ತಿದ್ದರು.

"ಅಮ್ಮ ಕೇಳಿದ್ರೆ ಏನ್ರೀ ಹೇಳ್ಲಿ?" ಅಂದಳು.

"ಕೈ ಊದ್ಕೊಂಡಿದೆ, ಹಾಕಕ್ಕಾಗ್ಲಿಲ್ಲ ಅನ್ನು."

"ಎರಡೂ ಕೈಯಾ?"

ಅವಳು ನಗಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಎದುರು ನಿಂತು ಮಾತಾಡುವ ಧೈರ್ಯ ಇಲ್ಲದಿದ್ದರೆ ಬರೆದಾದರೂ ಕೇಳೋಣ ಎಂದು ಕೂತೆ. ಕರಾರು ಪತ್ರ ಪಕ್ಕದಲ್ಲಿಟ್ಟುಕೊಂಡು ಬರೆದದ್ದು ಇಷ್ಟು:

"ಪೂಜ್ಯ ಗುರುಗಳಿಗೆ ನಮಸ್ಕಾರಗಳು. ತಾವು ವಾಪಸು ಮಾಡಿದ ಅಡ್ವಾನ್ಸಿನಲ್ಲಿ ನಾಲ್ಕು ಸಾವಿರದ ಎಂಟು ನೂರು ರೂಪಾಯಿ ಕಡಿತವಾಗಿದೆ. ಮನೆ ಬಿಡುವಾಗ ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಎಂದು ಕರಾರಿನಲ್ಲಿದೆ, ಅದಕ್ಕೆ ತಕರಾರಿಲ್ಲ. ಉಳಿದ ಮೂರು ಸಾವಿರದ ಮುನ್ನೂರು ಯಾವ ಯಾವ ಬಾಬ್ತಿಗೆ, ಎಷ್ಟೆಷ್ಟು, ಏಕೆ ಎಂಬುದನ್ನು ಬಿಡಿಬಿಡಿಯಾಗಿ ಬರೆದು, ರಿಪೇರಿಯ ರಸೀದಿಗಳಿದ್ದರೆ ಅವುಗಳ ನಕಲಿನೊಂದಿಗೆ ಹದಿನೈದು ದಿನದೊಳಗೆ ತಿಳಿಸಬೇಕಾಗಿ ಕೋರಿಕೆ. ಬರೀ ಉತ್ತರ ಬರೆದರೆ ಸಾಲದು, ಕ್ರಮ ತೋರಿಸಬೇಕು ಎಂದು ಕಲಿಸಿದವರು ತಾವೇ."

ಕೊನೆಯ ಸಾಲು ಬರೆದಾಗ ತುಟಿಯಲ್ಲಿ ನಗು. ಕಿವಿ ಹಿಂಡಿಸಿಕೊಂಡದ್ದಕ್ಕೆ ಅಷ್ಟಾದರೂ ಬೇಡವೇ? ನಕಲು ಇಟ್ಟುಕೊಂಡು, ಸ್ವೀಕೃತಿ ಕಾರ್ಡು ಲಗತ್ತಿಸಿ ರಿಜಿಸ್ಟರ್ ಪೋಸ್ಟ್ ಮಾಡಿದೆ. ಕೌಂಟರಿನವರು ವಿಳಾಸ ನೋಡಿ, "ಇಲ್ಲೇ ಅಗ್ರಹಾರ ಅಲ್ವೇನ್ರೀ, ನಡ್ಕೊಂಡೋಗಿ ಕೊಟ್ಬುಡಬೋದಿತ್ತು," ಅಂದರು. ಕೊಡುವ ಗಂಡಸುತನ ಇದ್ದಿದ್ದರೆ ನಿಮ್ಮ ಹತ್ತಿರ ಯಾಕೆ ಬರುತ್ತಿದ್ದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮೇಷ್ಟ್ರ ಸಹಿ ಹೊತ್ತು ಕಾರ್ಡು ವಾಪಸು ಬಂತು. ಉತ್ತರ ಬರಲಿಲ್ಲ. ಮದುವೆ ಹತ್ತಿರ ಬಂದಂತೆಲ್ಲ ಹೆಂಡತಿ ಗಾಜಿನ ಬಳೆಗಳನ್ನು ಮೊಣಕೈವರೆಗೂ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುತ್ತಿದ್ದಳು, ಚಿನ್ನದ್ದು ಇಲ್ಲದ್ದು ಮರೆಯಾಗುತ್ತದೆಯೇ ನೋಡಲು.

ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಮೇಷ್ಟ್ರು! ಹಿಂದೆ ಮುಖ ಊದಿಸಿಕೊಂಡ ಅವರ ಮನೆಯವರು, ಕಂಕುಳಲ್ಲಿ ಪರ್ಸು. ಅವರನ್ನು ಕೂರಿಸಿ ನಾನು ನಿಂತೇ ಇದ್ದೆ. ಮೇಷ್ಟ್ರು ಜೇಬಿನಿಂದ ನನ್ನ ಕಾಗದ ತೆಗೆದರು, ಇನ್ನೊಂದು ಜೇಬಿನಿಂದ ಕೆಂಪು ಪೆನ್ನು.

"ಲೆಕ್ಕ ಹಾಕಿದ್ದು ಇವಳು, ಕವರು ಕೊಟ್ಟಿದ್ದು ನಾನು. ಮೂರು ದಿನದಿಂದ ಕೇಳ್ತಿದೀನಿ, ಕ್ರಮ ಹೇಳ್ತಿಲ್ಲ. ಈಗ ಇವನ ಮುಂದೇನೇ ಹೇಳು."

"ಅಯ್ಯೋ, ಬಾಡಿಗೆ ಮನೆ ಲೆಕ್ಕಕ್ಕೆ ಎಂಥಾ ಕ್ರಮಾನೋ!" ಅಂದರು ಅಮ್ಮಾವ್ರು. "ಕಿಟಕಿ ಗಾಜು ಒಡ್ದಾಕಿದ್ರಲ್ಲ, ಅದು ಮುನ್ನೂರು."

ಬೀರು ಸಾಗಿಸುವಾಗ ನಾನೇ ಒಡೆದದ್ದು. ಒಪ್ಪಿಕೊಂಡೆ. ಮೇಷ್ಟ್ರು ಕಾಗದದ ಕೆಳಗೆ ಅದನ್ನು ಬರೆದು ಸರಿ ಗುರುತು ಹಾಕಿದರು.

"ಗೋಡೆಗೆಲ್ಲಾ ಮೊಳೆ ಹೊಡ್ದವ್ರೆ, ತೂತು ಮುಚ್ಚಕ್ಕೆ ಐನೂರು."

"ತೂತು ಮುಚ್ಚದೇ ಯಾವ ಪೇಂಟರ್ ಬಣ್ಣ ಹೊಡೀತಾನೆ? ಸುಣ್ಣಬಣ್ಣದಲ್ಲಿ ಒಂದ್ಸಲ ಹಿಡಿದಿದೀಯ. ಒಂದೇ ಸಂಖ್ಯೇನ ಎರಡು ಸಲ ಕೂಡೋ ಹಾಗಿಲ್ಲ." ಕೆಂಪು ಗೀಟು ಬಿತ್ತು.

"ಇತರೆ, ಏಳ್ನೂರು."

"ಇತರೆ ಅಂದ್ರೆ?"

"ಇತರೆ ಅಂದ್ರೆ ಇತರೇನೇ ಕಣ್ರೀ!"

ಇನ್ನೊಂದು ಗೀಟು. ನನ್ನ ಹೆಂಡತಿ ಕಾಫಿ ಲೋಟ ಹಿಡಿದು ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಅಮ್ಮಾವ್ರು ಕೊನೆಯ ಅಸ್ತ್ರ ತೆಗೆದರು.

"ನಡುಮನೆ ಕೆಂಪು ನೆಲ ನೋಡಿದೀರಾ? ಮಧ್ಯದಲ್ಲಿ ಸುಟ್ಟು ಕಪ್ಪಾಗಿ ಬಿರುಕು ಬಿಟ್ಟಿದೆ. ಗಾರೆಯವನನ್ನ ಕೇಳ್ದೆ, ಸಾವಿರದ ಎಂಟ್ನೂರು ಅಂದ. ಇದಕ್ಕೇನಂತಾನೆ ನಿಮ್ಮ ಶಿಷ್ಯ?"

ಮಾತಾಡಿದ್ದು ಶಿಷ್ಯನಲ್ಲ, ನನ್ನ ಹೆಂಡತಿ. "ಅಮ್ಮಾವ್ರೇ, ಅದು ನಾವು ಬಂದ ದಿನ ಹಾಲುಕ್ಕಿಸಿದ ಜಾಗ ಅಲ್ವಾ? ನಾನು ಸ್ಟೌ ಮೇಲೆ ಇಡ್ತೀನಿ ಅಂದೆ. ನೀವೇ ಬೇಡ, ನಮ್ಮ ಮನೇಲಿ ಸೌದೆ ಒಲೇಲೇ ಉಕ್ಕಬೇಕು ಅಂತ ಇಟ್ಟಿಗೆ ತಂದಿಟ್ರಿ. ಬೆಂಕಿ ಊದಿದ್ದೂ ನೀವೇ."

ಮೇಷ್ಟ್ರು ಪೆನ್ನು ಮೇಲೆತ್ತಿ ತಮ್ಮ ಹೆಂಡತಿಯ ಮುಖ ನೋಡಿದರು.

"ಉಕ್ತಲ್ಲಾ ಮತ್ತೆ!" ಎಂದರು ಅಮ್ಮಾವ್ರು. "ಪೂರ್ವಕ್ಕೇ ಉಕ್ತು! ನಾಲ್ಕು ವರ್ಷ ತಣ್ಣಗಿರ್ಲಿಲ್ವಾ ಇವ್ರು?" ಇಷ್ಟು ಹೇಳಿ, ತಮಗೇ ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡು ನಗಲು ಶುರುಮಾಡಿದರು. ಮೇಷ್ಟ್ರು ನಗಲಿಲ್ಲ. ಮೂರನೆಯ ಗೀಟು ಎಳೆದು, ಕೂಡಿಸಿ, ಕೆಳಗೆ ಎರಡು ಅಡ್ಡಗೆರೆ ಹಾಕಿ, "ಮೂರು ಸಾವಿರ ಕೊಡು," ಅಂದರು. ಅಮ್ಮಾವ್ರು ಪರ್ಸು ಬಿಚ್ಚಿ ಒಂದೊಂದು ನೋಟನ್ನೂ ಮಗಳನ್ನು ಗಂಡನ ಮನೆಗೆ ಕಳಿಸುವಂತೆ ಕೊಟ್ಟರು. ಕಾಫಿ ಕುಡಿದು, ನನ್ನ ಹೆಂಡತಿಯ ಕೈಯಲ್ಲಿ ಕುಂಕುಮ ಇಡಿಸಿಕೊಂಡು, ಅವಳ ತಂಗಿಯ ಮದುವೆಯ ವಿಷಯ ಕೇಳಿ ಒಳ್ಳೆಯದಾಗಲಿ ಎಂದು ಹೇಳಿ ಹೋದರು. ಕಾಗದ ನಮ್ಮಲ್ಲೇ ಉಳಿಯಿತು.

ಮಾರನೆಯ ದಿನ ಬಡ್ಡಿ ಸೇರಿಸಿ ಕೊಟ್ಟು ಬಳೆ ಬಿಡಿಸಿಕೊಂಡು ಬಂದೆ. ಹೆಂಡತಿ ಹಾಕಿಕೊಂಡು ಎರಡೂ ಕೈ ಮುಂದೆ ಚಾಚಿ ನೋಡಿದಳು. ಎಷ್ಟು ಸಂತೋಷವಾಯಿತೆಂದರೆ ನನಗೆ ಅಳು ಬರುವಂತಾಯಿತು. ಅದನ್ನು ಮರೆಸಲು ಮೇಷ್ಟ್ರು ಬಿಟ್ಟುಹೋದ ಕಾಗದವನ್ನು ಕರಾರು ಪತ್ರದ ಜೊತೆ ಎತ್ತಿಡಲು ಹೋದೆ. ಆಗ ಕಂಡಿತು. ಮೇಲೆ ಮೂಲೆಯಲ್ಲಿ, ಹಳೆಯ ಪರಿಚಯದ ಕೆಂಪು ಅಕ್ಷರದಲ್ಲಿ, ಒಂದು ಸುತ್ತಿನೊಳಗೆ: ಹತ್ತಕ್ಕೆ ಒಂಬತ್ತು.

ಹಿಂದೆ ಮುಂದೆ ತಿರುಗಿಸಿ ನೋಡಿದೆ. ಒಂದು ಮಾರ್ಕು ಏಕೆ ಕಳೆದರೆಂದು ಎಲ್ಲೂ ಬರೆದಿರಲಿಲ್ಲ. ಮೈ ಮತ್ತೆ ಉರಿಯಿತು. ಬಿಳಿ ಹಾಳೆ ತೆಗೆದು "ಪೂಜ್ಯ ಗುರುಗಳಿಗೆ ನಮಸ್ಕಾರಗಳು" ಎಂದು ಬರೆಯುವಷ್ಟರಲ್ಲಿ, ಝಣ್ ಎಂದು ಬಳೆ ಸದ್ದಾಗಿ ಒಂದು ಕೈ ಬಂದು ಪೆನ್ನು ಕಿತ್ತುಕೊಂಡಿತು.