ಸವಣೂರಿನ ತಾಯಿಗೆ ಬಂದ ಫ್ರೆಂಚ್ ಕಾಗದ

ಶಾಲೆಯ ಟೀಚರ್ ಕೆಲಸ ಬಿಟ್ಟ ಮೇಲೆ, ಶಿಗ್ಗಾವಿಯ ಮನೆಯಲ್ಲಿ ಕೂತು ಫ್ರೆಂಚ್ ಕಾಗದಗಳನ್ನು ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು. ಅದಕ್ಕೊಂದು ಕಟ್ಟುಪಾಡು ಮಾಡಿಕೊಂಡಿದ್ದೇನೆ. ಉದ್ದನೆಯ ವಾಕ್ಯದಲ್ಲಿ 'ಆಂ', 'ಇ' ಎಂಬ, ನಮ್ಮ 'ಅದು' ಇದ್ದಂತಹ ಪುಟ್ಟ ಸರ್ವನಾಮಗಳು ಕಂಡರೆ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತೇನೆ. ಹಿಂದೆ ಬಂದ ಒಂದೊಂದೇ ನಾಮಪದವನ್ನು ಅವುಗಳ ಜಾಗದಲ್ಲಿಟ್ಟು ಓದುತ್ತೇನೆ. ಎರಡು ಹೊಂದಿದರೆ ಬರೆದವರನ್ನೇ ಕೇಳುತ್ತೇನೆ. ಉತ್ತರ ಬರುವ ತನಕ ಬಾಯಿ ಬಿಡುವುದಿಲ್ಲ.

ಒಮ್ಮೆ ಬಾಯಿ ಬಿಟ್ಟೆ.

ಸವಣೂರಿನಲ್ಲಿ ವೀಳ್ಯದೆಲೆ ಮಾರುವ, ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಒಬ್ಬ ತಾಯಿ ಬಂದಿದ್ದರು. ಮಗ ಫ್ರಾನ್ಸಿನ ಹೋಟೆಲೊಂದರಲ್ಲಿ ಅಡಿಗೆಯವನು. ಹೇಳದೆ ಅಲ್ಲೇ ಮದುವೆಯಾದನೆಂದು ಇವರು ಫೋನಿನಲ್ಲಿ ಬಾಯಿಗೆ ಬಂದಂತೆ ಬೈದಿದ್ದರು. ಅಂದಿನಿಂದ ಅವನ ಮಾತಿಲ್ಲ. ಈಗ ಅವನು ಆಸ್ಪತ್ರೆಯಲ್ಲಿ. ಅಲ್ಲಿಯ ಸಮಾಜ ಕಾರ್ಯಕರ್ತೆಯ ಕಾಗದವನ್ನು ಇವರು ಎರಡೂ ಕೈಯಲ್ಲಿ ಹಿಡಿದಿದ್ದರು.

"ಫೋನಿನ್ಯಾಗ ಕನ್ನಡಕ್ಕ ಹಾಕಿದ್ರ, 'ಅದು ಬ್ಯಾಡ, ಆದ್ರ ಅದನ್ನ ಯೋಚಿಸ್ತಾನ' ಅಂತೈತ್ರಿ ಟೀಚರ್. ಯಾವುದು ಬ್ಯಾಡಂತ?"

ವಾಕ್ಯ ನಾಲ್ಕು ಸಾಲಿನದು. ಕಾರ್ಯಕರ್ತೆ ಬರೆದದ್ದು ಇಷ್ಟು: ಅವನು ಊರಿಗೆ ಮರಳುವ ಬಗ್ಗೆ, ತಾಯಿ ಇಲ್ಲಿಗೆ ಭೇಟಿಗೆ ಬರುವ ಬಗ್ಗೆ ನಾವಿಬ್ಬರೂ ಮಾತಾಡಿದೆವು; ಸದ್ಯ 'ಆಂ' ಬೇಡವೆನ್ನುತ್ತಾನೆ, ಆದರೆ 'ಇ' ಕುರಿತು ಯೋಚಿಸುತ್ತಾನೆ. ಫ್ರೆಂಚಿನಲ್ಲಿ 'ಮರಳುವಿಕೆ' ಎಂಬ ಪದ ಪುಲ್ಲಿಂಗ, 'ಭೇಟಿ' ಸ್ತ್ರೀಲಿಂಗ. ಆದರೆ ಈ ಎರಡು ಸರ್ವನಾಮಗಳು ಲಿಂಗ ತೋರಿಸುವುದಿಲ್ಲ. ಎರಡರ ಜಾಗದಲ್ಲೂ ಎರಡು ನಾಮಪದಗಳೂ ಸಲೀಸಾಗಿ ಕೂತವು.

ಕೇಳಿ ತಿಳಿಸುತ್ತೇನೆ ಎನ್ನಬೇಕಿತ್ತು. ಆ ಮುಖ ನೋಡಿ ನನ್ನಿಂದಾಗಲಿಲ್ಲ. "ಈಗ ಊರಿಗೆ ಬರೂದು ಬ್ಯಾಡ ಅಂತಾನ್ರಿ ಖಾಲಾ. ನೀವು ಹೋಗೂದರ ಬಗ್ಗೆ ಯೋಚನಿ ಮಾಡಾಕತ್ತಾನ" ಎಂದುಬಿಟ್ಟೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ನನಗೂ ಪುಣ್ಯ ಕಟ್ಟಿಕೊಂಡ ಹಾಗಾಯಿತು. ನಾಚಿಕೆಗೇಡು.

ಸಂಜೆ ಅಳುಕು ಶುರುವಾಗಿ, ಸರ್ವನಾಮ ಬಿಟ್ಟು ನಾಮಪದ ಹಾಕಿಯೇ ಬರೆಯಿರಿ ಎಂದು ಆ ಕಾರ್ಯಕರ್ತೆಗೆ ಇಮೇಲ್ ಮಾಡಿದೆ. ಉತ್ತರ ಹತ್ತು ದಿನಕ್ಕೆ ಬಂತು. 'ಬೇಡವೆಂದದ್ದು ತಾಯಿಯ ಭೇಟಿ. ಯೋಚಿಸುತ್ತಿರುವುದು ಮರಳುವುದನ್ನು. ಆದರೆ ಮಗ ಈಗ ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ.'

ಮರುದಿನವೇ ಸವಣೂರಿನ ಬಸ್ಸು ಹತ್ತಿದೆ. ಪಡಸಾಲೆಯಲ್ಲಿ ಹೊಸ ಸೂಟ್‌ಕೇಸು ತೆರೆದಿತ್ತು. ಮಗನಿಗೆಂದು ಹುರಿದ ಶೇಂಗಾ, ಸೊಸೆಗೆಂದು ಹಸಿರು ಬಳೆ. ಪಾಸ್‌ಪೋರ್ಟಿಗೆ ತೆಗೆಸಿದ ಫೋಟೋ ಕಿಟಕಿಯಲ್ಲಿತ್ತು. ನಿಂತಲ್ಲೇ ಎಲ್ಲ ಹೇಳಿದೆ, ತಪ್ಪು ನನ್ನದೆಂದೂ ಹೇಳಿದೆ.

ಅವರು ಬೈಯಲಿಲ್ಲ. ಬಳೆಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಕಾಗದದಲ್ಲಿ ಸುತ್ತಿದರು.

"ನಿಮಗೂ ತಿಳೀಲಿಲ್ಲಂದ್ರ ತಿಳೀಲಿಲ್ಲ ಅಂತ ಹೇಳಬೇಕಿತ್ರಿ ಟೀಚರ್" ಎಂದರು. "ತಿಳೀದ ಇರೂದು ನನಗ ರೂಢಿ ಆಗಿತ್ತು."