ಗುಬ್ಬಿ ಅಂಗಡಿಯ ಕುಗ್ಗಿದ ಬಟ್ಟೆ

ಎಂಬತ್ತರ ದಶಕದ ಮೊದಲ ವರ್ಷಗಳು. ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ನಮ್ಮ ಸಾಹೇಬರಿಗೆ ಮೂರು ಬಟ್ಟೆ ಅಂಗಡಿಗಳಿದ್ದವು. ನಾನು ತುಮಕೂರಿನ ಹಿರಿಯ ಸೇಲ್ಸ್‌ಮನ್. ಮಾರಾಟ ಇಳಿಯುತ್ತಿದೆ, ಕೊಂಡ ಬಟ್ಟೆ ವಾಪಸ್ ಬರುತ್ತಿದೆ ಎಂದು ಸಾಹೇಬರು ಚಿಂತೆಯಲ್ಲಿದ್ದಾಗ, ಎಲ್ಲರನ್ನೂ ಬೆಂಗಳೂರಿನ ಸೇಲ್ಸ್‌ಮನ್‌ಶಿಪ್ ಕೋರ್ಸಿಗೆ ಕಳಿಸೋಣ ಎಂದವನು ನಾನೇ. ಅಲ್ಲಿಗೆ ಹೋಗಲಿಕ್ಕೆಂದು ಒಂದು ಹೊಸ ಪ್ಯಾಂಟನ್ನೂ ಹೊಲಿಸಿಕೊಂಡಿದ್ದೆ.

ಆಗ ಆಫೀಸಿಗೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ, ಕಾಮರ್ಸ್ ಪದವೀಧರೆ, ಸಾಹೇಬರ ಮುಂದೆ ಹೇಳಿದಳು: "ಕೋರ್ಸ್ ಆಮೇಲೆ ನೋಡೋಣ ಸಾರ್. ಮೊದಲು ಯಾರಿಗೆ ಏನು ಬರಲ್ಲ ಅಂತ ತಿಳ್ಕೊಳ್ಳೋಣ."

ಸಾಹೇಬರು ಒಪ್ಪಿಬಿಟ್ಟರು. ಹದಿನೆಂಟು ವರ್ಷ ದುಡಿದ ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಅವಳು ಒಂದೊಂದು ಅಂಗಡಿಯಲ್ಲೂ ಒಂದೊಂದು ವಾರ ಕೂತಳು. ಅದಕ್ಕೂ ಮೊದಲು ನಾನು ಗುಬ್ಬಿಗೆ ಹೋಗಿ ಅಲ್ಲಿನ ಇಬ್ಬರು ಸೇಲ್ಸ್‌ಮನ್‌ಗಳಿಗೆ ಹೇಳಿದ್ದೆ: "ಆ ಯಮ್ಮ ಏನ್ ಕೇಳಿದ್ರೂ ಎಲ್ಲಾ ಗೊತ್ತು ಅನ್ರಿ ಕಣ್ರೋ. ಸಣ್ಣೋರಾಗ್ಬ್ಯಾಡಿ."

ಅವರು ಹಾಗೇ ಹೇಳಿದರು. ಅವಳು ಬರೆದುಕೊಂಡಳು. ಆಮೇಲೆ ವಾಪಸ್ ಬಂದ ಬಟ್ಟೆಗಳ ರಾಶಿ ತೆಗೆಸಿ, ಯಾವುದು ಯಾಕೆ ಬಂತೆಂದು ನೋಡಿದಳು. ಹೆಚ್ಚಿನವು ಒಗೆದ ಮೇಲೆ ಕುಗ್ಗಿದ ಪಾಪ್ಲಿನ್ ಎಂಬ ಹತ್ತಿ ಬಟ್ಟೆ. ಕೊನೆಗೆ ಮೂರು ತುಂಡು ಕೈಗೆ ಕೊಟ್ಟು, "ಇದ್ರಲ್ಲಿ ಯಾವುದು ಕುಗ್ಗುತ್ತೆ?" ಎಂದಳು. ಇಬ್ಬರಿಗೂ ತಿಳಿಯಲಿಲ್ಲ.

ಕುಣಿಗಲ್ಲಿನವರಿಗೆ ಬಟ್ಟೆಯ ಗುಣ ಚೆನ್ನಾಗಿ ಗೊತ್ತಿತ್ತು. ಹಬ್ಬ ಕಳೆದ ಮೇಲೆ ಮಾಲು ಬರುತ್ತಿದ್ದದ್ದೇ ಅಲ್ಲಿನ ತೊಂದರೆ. "ಇದನ್ನ ಪಾಠದಿಂದ ಸರಿಮಾಡಕ್ಕಾಗಲ್ಲ ಸಾರ್, ಮಾಲನ್ನ ಬೇಗ ಕಳಿಸ್ಬೇಕು," ಎಂದಳು ಸಾಹೇಬರಿಗೆ. ಬೆಂಗಳೂರಿನ ಕೋರ್ಸಿನಲ್ಲಿ ಹೇಳಿಕೊಡುತ್ತಿದ್ದದ್ದು ಗಿರಾಕಿಯ ಜೊತೆ ಮಾತಾಡುವ ರೀತಿ ಅಷ್ಟೇ. ಅದರಲ್ಲಿ ನಮ್ಮವರು ಯಾರೂ ಹಿಂದೆ ಬಿದ್ದಿರಲಿಲ್ಲ.

ಆಮೇಲೆ ನನ್ನ ಬಳಿ ಬಂದು ಹೇಳಿದಳು: "ಅಣ್ಣ, ಗುಬ್ಬಿಯವರಿಗೆ ಬಟ್ಟೆ ಪರೀಕ್ಷೆ ಮಾಡೋದು ನೀವು ಹೇಳ್ಕೊಡ್ಬೇಕು. ತುಮಕೂರಲ್ಲಿ ಕೂತಾಗ ನೋಡಿದೆ, ಅದು ನಿಮಗೆ ಬಂದಷ್ಟು ನಮ್ಮಲ್ಲಿ ಯಾರಿಗೂ ಬರಲ್ಲ." ಹೊರಡುತ್ತಾ, "ಇಬ್ಬರೂ ಒಂದೇ ಮಾತನ್ನ ಒಂದೇ ಥರ ಹೇಳಿದ್ರು. ಯಾರೋ ಹೇಳ್ಕೊಟ್ಟಿದ್ದಾರೆ ಅನ್ನಿಸ್ತು. ಸಾಹೇಬ್ರಿಗೆ ಹೇಳಿಲ್ಲ," ಎಂದಳು.

ಅವಳು ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ನನ್ನ ವಾರದ ರಜೆಯ ದಿನಗಳಲ್ಲಿ ಗುಬ್ಬಿಗೆ ಹೋದೆ. ದಾರ ಸುಟ್ಟು ತೋರಿಸಿದೆ: ಹತ್ತಿಯದು ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ; ಕುಗ್ಗುವುದು ಹತ್ತಿ. ಅಳತೆ ಮಾಡಿದ ತುಂಡನ್ನು ನೆನೆಸಿ, ಒಣಗಿಸಿ, ಅವರ ಕೈಯಲ್ಲೇ ಮತ್ತೆ ಅಳೆಸಿದೆ. ನಾಲ್ಕನೇ ವಾರ ಅವರೇ ಗಿರಾಕಿಗಳಿಗೆ, "ಇದನ್ನ ನೆನ್ಸಿ ಒಣಗಿಸಿ ಹೊಲ್ಸಿ ಅಮ್ಮ," ಎನ್ನುತ್ತಿದ್ದರು. ವಾಪಸ್ ಬರುವ ಬಟ್ಟೆ ಕಡಿಮೆಯಾಯಿತು. ಸಾಹೇಬರು ಎಲ್ಲರೆದುರು ಅವಳನ್ನು ಹೊಗಳಿದರು. ನಾನೂ ಚಪ್ಪಾಳೆ ತಟ್ಟಿದೆ, ಮನಸ್ಸಿಲ್ಲದೆ.